ನಿರ್ಣಾಯಕ ಖೋಖೋ ಪಂದ್ಯಕ್ಕೆ ಮುನ್ನ ನಾಯಕಿ ತಂಡಕ್ಕೆ ಏನು ಹೇಳಬೇಕು?

ಕನ್ನಡ ಮೇಷ್ಟ್ರು

ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಶನಿವಾರ ನಮ್ಮ ಹುಡುಗಿಯರ ಖೋಖೋ ತಂಡಕ್ಕೆ ತಾಲ್ಲೂಕು ಮಟ್ಟದ ಅಂತಿಮ ಪಂದ್ಯವಿದೆ. ಗೆದ್ದವರು ಜಿಲ್ಲೆಗೆ ಹೋಗುತ್ತಾರೆ, ಸೋತವರಿಗೆ ಈ ವರ್ಷದ ಆಟ ಅಲ್ಲಿಗೆ ಮುಗಿಯುತ್ತದೆ. ನಾಯಕಿ ಹತ್ತನೇ ತರಗತಿಯವಳು. ಕಡಿಮೆ ಮಾತಿನ ಹುಡುಗಿ, ಆಟದಲ್ಲಿ ಮಾತ್ರ ಬೆಂಕಿ. ಅಂಕಣಕ್ಕೆ ಇಳಿಯುವ ಮುನ್ನ ತಂಡವನ್ನು ಸುತ್ತ ನಿಲ್ಲಿಸಿಕೊಂಡು ನಾಲ್ಕು ಮಾತು ಹೇಳಬೇಕೆಂಬುದು ಅವಳದೇ ಆಸೆ. ಬರೆದುಕೊಡಿ ಸರ್ ಎಂದು ಕೇಳಿದ್ದಾಳೆ.

ಎದುರಾಳಿ ತಂಡದೊಂದಿಗೆ ಲೀಗ್ ಹಂತದಲ್ಲಿ ಒಮ್ಮೆ ಆಡಿ 15–17ರಿಂದ ಸೋತಿದ್ದೇವೆ. ನಾನು ಬರೆದಿರುವ ಆರಂಭ ಹೀಗಿದೆ:

"ಗೆಳತಿಯರೇ, ಎದ್ದೇಳಿ! ಇಂದು ನಮ್ಮ ಶಾಲೆಯ ಮಾನ ನಮ್ಮ ಕೈಯಲ್ಲಿದೆ. ಮಣ್ಣಿನ ಮಕ್ಕಳು ನಾವು, ಈ ಮಣ್ಣಿನ ಆಟದಲ್ಲಿ ನಮ್ಮನ್ನು ಸೋಲಿಸುವವರು ಯಾರಿದ್ದಾರೆ? ಕೊನೆಯ ಉಸಿರಿನವರೆಗೂ ಹೋರಾಡೋಣ, ಗೆದ್ದೇ ಮರಳೋಣ!"

ಇದನ್ನು ಎರಡು ಪುಟಕ್ಕೆ ಬೆಳೆಸಬೇಕೆಂದಿದ್ದೇನೆ. ಆಟ ಬಲ್ಲವರು ಏನು ಸೇರಿಸಬೇಕೆಂದು ತಿಳಿಸಿ.

ವಾಗ್ಝರಿ

ಒಳ್ಳೆಯ ವಿಷಯ ಆರಿಸಿಕೊಂಡಿದ್ದೀರಿ ಸರ್. ಭಾಷಣಕ್ಕೆ ಆರಂಭ ಬಲವಾಗಿರಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪಿನಿಂದ ಶುರು ಮಾಡಿ. ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಅಂತಿಮ ಪಂದ್ಯದಲ್ಲಿ ನೇಪಾಳವನ್ನು ಸೋಲಿಸಿದವು. ನಮ್ಮ ರಾಜ್ಯದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಆ ತಂಡಗಳಲ್ಲಿದ್ದರು. ಆಮೇಲೆ ಆಟದ ಇತಿಹಾಸಕ್ಕೆ ಬನ್ನಿ, ಅನಂತರ ಆರೋಗ್ಯಕ್ಕೆ ಅದರ ಪ್ರಯೋಜನಗಳು, ಕೊನೆಗೆ ಒಂದು ವಚನ. ಐದು ನಿಮಿಷಕ್ಕೆ ಸರಿಹೋಗುತ್ತದೆ. ತೀರ್ಪುಗಾರರು ಸಮಯಪಾಲನೆಗೂ ಅಂಕ ಕೊಡುತ್ತಾರೆ, ನೆನಪಿರಲಿ.

ಕನ್ನಡ ಮೇಷ್ಟ್ರು

ಇದು ಭಾಷಣ ಸ್ಪರ್ಧೆಗಲ್ಲ. ಪಂದ್ಯಕ್ಕೆ ಮುಂಚೆ ನಾಯಕಿ ತನ್ನ ಹನ್ನೊಂದು ಗೆಳತಿಯರಿಗೆ ಹೇಳುವ ಮಾತು. ಕೇಳುವವರು ಅವರು ಮಾತ್ರ.

ನಿವೃತ್ತ ಪಿ.ಟಿ.

ಮೇಷ್ಟ್ರೇ, ಎರಡು ಪುಟ ಬೇಡ. ಟಾಸ್ ಆದ ಮೇಲೆ ಆಟ ಶುರುವಾಗುವವರೆಗೆ ಸಿಗುವ ಹೊತ್ತು ತೀರಾ ಕಡಿಮೆ. ಅಷ್ಟರಲ್ಲಿ ಓಡುವವರ ಕ್ರಮವನ್ನು ಸ್ಕೋರರ್ ಬಳಿ ಬರೆಸಬೇಕು, ಕಾಲುಪಟ್ಟಿ ಬಿಗಿಯಬೇಕು, ನೀರು ಕುಡಿಯಬೇಕು. ಒಂದೂವರೆ ನಿಮಿಷ ಮೀರಿದ ಮಾತನ್ನು ಆ ಹುಡುಗಿಯರು ಕೇಳುವುದಿಲ್ಲ, ಅವರ ಕಣ್ಣು ಆಗಲೇ ಅಂಕಣದ ಮೇಲಿರುತ್ತದೆ.

ಇನ್ನು ನಿಮ್ಮ ಆರಂಭ. ಮಾತುಗಳು ಚೆನ್ನಾಗಿವೆ, ಆದರೆ ಅವನ್ನು ಕಬಡ್ಡಿ ತಂಡಕ್ಕೂ ಹೇಳಬಹುದು, ಹಗ್ಗಜಗ್ಗಾಟಕ್ಕೂ ಹೇಳಬಹುದು. ಖೋಖೋದ ಗುಣ ಬೇರೆ. ಬೆನ್ನಟ್ಟುವಾಗ ಒಂಬತ್ತು ಜನರಲ್ಲಿ ಎಂಟು ಜನ ಕುಳಿತಿರುತ್ತಾರೆ. ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಆಟ ಶುರುವಾದ ಮೇಲೆ ನಾಯಕಿಯೂ ಒಂದು ಚೌಕದಲ್ಲಿ ಕುಳಿತವಳೇ. ಮೈದಾನದ ಸುತ್ತ ಕೂಗಾಟ ಇರುವಾಗ ಅವಳ ದನಿ ಎಂಟನೆಯ ಚೌಕಕ್ಕೆ ತಲುಪುವುದಿಲ್ಲ. ಹಾಗಾಗಿ ತಾನು ಪಕ್ಕದಲ್ಲಿ ಇಲ್ಲದಾಗ ಅವರು ಏನು ಮಾಡಬೇಕೆಂಬುದನ್ನು ಮೊದಲೇ ಅವರ ಕಿವಿಯಲ್ಲಿ ಇಟ್ಟಿರಬೇಕು. ಅವಳ ಮಾತು ಮಾಡಬೇಕಾದ ಕೆಲಸ ಅದು.

ಕುಳಿತವಳಿಗೆ "ಎದ್ದೇಳಿ, ಹೋರಾಡಿ" ಎಂದು ರಕ್ತ ಕುದಿಸಿದರೆ ಅವಳು ಮಾಡುವ ಮೊದಲ ಕೆಲಸ ಖೋ ಬೀಳುವ ಮುಂಚೆಯೇ ಏಳುವುದು. ಅದು ಫೌಲ್. ಆದ್ದರಿಂದ ಬರೆಯುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಹೋದ ಸಲ ಆ ಎರಡು ಅಂಕ ಎಲ್ಲಿ ಹೋದವು? ಸ್ಕೋರ್ ಹಾಳೆ ಇದೆಯೇ? ಯಾರಾದರೂ ಮೊಬೈಲಿನಲ್ಲಿ ಪಂದ್ಯ ಹಿಡಿದಿದ್ದಾರೆಯೇ?

ಕ್ರೀಡಾಪ್ರಿಯ

ನಾನು ಟಿ.ವಿ.ಯಲ್ಲಿ ಒಂದು ಪಂದ್ಯವನ್ನೂ ಬಿಡದೆ ನೋಡಿದವನು. ನಾಯಕಿ ಮುಖ್ಯವಾಗಿ ಹೇಳಬೇಕಾದದ್ದು ಡ್ರೀಮ್ ರನ್ ಬಗ್ಗೆ. ಓಡುವ ಮೂವರ ಮೊದಲ ಬ್ಯಾಚ್ ಮೂರು ನಿಮಿಷ ನಿಂತರೆ ಆಮೇಲೆ ಓಡುವವರಿಗೇ ಅಂಕ ಬರುತ್ತದೆ. ವಜೀರ್ ಯಾರೆಂದು ಮೊದಲೇ ತೀರ್ಮಾನಿಸಿ ಅವಳಿಗೆ ಪ್ರತ್ಯೇಕವಾಗಿ ಧೈರ್ಯ ತುಂಬಬೇಕು, ಏಕೆಂದರೆ ಅವಳು ಯಾವ ದಿಕ್ಕಿಗೆ ಬೇಕಾದರೂ ಓಡಬಹುದು. ಎದುರಾಳಿಯ ಗಟ್ಟಿ ಓಟಗಾರ್ತಿಯನ್ನು ಕೊನೆಗೆ ಉಳಿಸಿ, ಮೊದಲು ಉಳಿದಿಬ್ಬರನ್ನು ಹಿಡಿಯಬೇಕು ಎಂಬುದನ್ನೂ ಸೇರಿಸಿ.

ನಿವೃತ್ತ ಪಿ.ಟಿ.

ಡ್ರೀಮ್ ರನ್, ವಜೀರ್ ಎರಡೂ ಟಿ.ವಿ.ಯ ಲೀಗಿನಲ್ಲಿ, ವಿಶ್ವಕಪ್ಪಿನಲ್ಲಿ ನೀವು ನೋಡಿದ ವೇಗದ ಮಾದರಿಯವು. ಅಲ್ಲಿ ಅಂಕಣಕ್ಕೆ ಇಳಿಯುವುದು ಏಳು ಜನ. ಮೇಷ್ಟ್ರು ಹೇಳುತ್ತಿರುವ 15–17ರ ಅಂಕ ನೋಡಿದರೇ ಗೊತ್ತಾಗುತ್ತದೆ, ಇವರು ಆಡುತ್ತಿರುವುದು ಒಂಬತ್ತು ಜನರ ಹಳೆಯ ಮಾದರಿ, ಒಂದು ಔಟಿಗೆ ಒಂದು ಅಂಕ. ಇಲ್ಲಿ ಎಲ್ಲರೂ ಹಿಡಿದ ದಿಕ್ಕಿಗೇ ಹೋಗಬೇಕು, ಕಂಬ ದಾಟುವವರೆಗೆ ತಿರುಗುವಂತಿಲ್ಲ. ಪಂದ್ಯದ ಬೆಳಿಗ್ಗೆ ವಜೀರ್ ಎಂಬ ಮಾತು ಮಕ್ಕಳ ಕಿವಿಗೆ ಬೀಳುವುದೇ ಬೇಡ.

ಗಟ್ಟಿ ಓಟಗಾರ್ತಿಯನ್ನು ಕೊನೆಗೆ ಉಳಿಸುವ ಮಾತು ಅರ್ಧ ಸರಿ. ಮೂವರೂ ಔಟಾಗದೆ ಮುಂದಿನ ಬ್ಯಾಚ್ ಒಳಗೆ ಬರುವುದಿಲ್ಲ, ಆದ್ದರಿಂದ ಅವಳನ್ನು ಮುಂದೂಡಬಹುದೇ ಹೊರತು ಬಿಡುವಂತಿಲ್ಲ. ಜೊತೆಯವರು ಔಟಾದ ಮೇಲೆ ಪ್ರತಿ ಖೋವೂ ಅವಳ ಮೇಲೇ ಬರುತ್ತದೆ, ಉಸಿರು ತೆಗೆದುಕೊಳ್ಳಲು ಬಿಡುವಿರುವುದಿಲ್ಲ. ಅಷ್ಟು ಲಾಭ. ನಷ್ಟವೇನೆಂದರೆ, ಅಲ್ಲಿಯವರೆಗೆ ಅವಳು ಒಂದು ಮೂಲೆಯಲ್ಲಿ ಆರಾಮವಾಗಿ ನಿಂತಿರುತ್ತಾಳೆ.

ಕನ್ನಡ ಮೇಷ್ಟ್ರು

ವಿಡಿಯೊ ಸಿಕ್ಕಿತು ಸರ್. ನಮ್ಮ ದೈಹಿಕ ಶಿಕ್ಷಕರೊಂದಿಗೆ ಕುಳಿತು ಎರಡು ಬಾರಿ ನೋಡಿದೆ. ಸ್ಕೋರ್ ಹಾಳೆಯೂ ಇದೆ. ಸರದಿಗೆ ಒಂಬತ್ತು ನಿಮಿಷ. ಮೊದಲ ಸರದಿಯಲ್ಲಿ ನಾವು ಬೆನ್ನಟ್ಟಿ 8 ಅಂಕ ತೆಗೆದೆವು, ಅವರು 9. ಎರಡನೆಯದರಲ್ಲಿ ನಾವು 7, ಅವರು 8.

ನಮ್ಮ ಮೊದಲ ಸರದಿಯಲ್ಲಿ ಅವರ ಮೊದಲ ಬ್ಯಾಚಿನ ಇಬ್ಬರು ಎರಡು ನಿಮಿಷದೊಳಗೆ ಔಟಾದರು. ಮೂರನೆಯವಳು ಏಳನೇ ನಂಬರಿನ ಹುಡುಗಿ. ಆ ಬಳಿಕ ಅವಳೊಬ್ಬಳೇ 2 ನಿಮಿಷ 40 ಸೆಕೆಂಡು ನಿಂತಳು. ಒಂದೇ ಕಂಬದ ಬಳಿ ಸಣ್ಣ ಸುತ್ತು ಹಾಕುತ್ತಲೇ ಇದ್ದಳು. ಎಲ್ಲರೂ ಹೇಳುತ್ತಿರುವುದು ಅವಳು ತುಂಬಾ ವೇಗ, ಅವಳಿಂದಲೇ ಸೋತೆವು ಎಂದು.

ನಿವೃತ್ತ ಪಿ.ಟಿ.

ಆ 2 ನಿಮಿಷ 40 ಸೆಕೆಂಡಿನಲ್ಲಿ ಅಂಪೈರ್ ಎಷ್ಟು ಸಲ ಸೀಟಿ ಊದಿದರು? ಪ್ರತಿ ಸೀಟಿಯೂ ಯಾವುದಕ್ಕೆ? ಇನ್ನೊಮ್ಮೆ ನೋಡಿ, ಈ ಸಲ ಓಡುವವಳನ್ನು ನೋಡಬೇಡಿ, ಕುಳಿತವರನ್ನು ಮಾತ್ರ ನೋಡಿ.

ಎಂಟನೇ ಚೌಕ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಶಾಲೆಯಲ್ಲಿ, ಕಾಲೇಜಿನಲ್ಲಿ ಆಡಿದವಳು, ಹೆಚ್ಚಾಗಿ ಕಂಬದ ಪಕ್ಕದ ಚೌಕದಲ್ಲಿ ಕುಳಿತವಳು. ಒಂದು ಪಂದ್ಯಕ್ಕೆ ಮುನ್ನ ನಮ್ಮ ನಾಯಕಿ ಎಲ್ಲರ ಮುಂದೆ ನನ್ನ ಕಡೆ ತಿರುಗಿ, "ನೀನು ಮಾತ್ರ ಇವತ್ತು ಬೇಗ ಏಳಬೇಡ" ಎಂದಳು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಅವತ್ತು ಇಡೀ ಪಂದ್ಯ ನಾನು ಖೋ ಬಿದ್ದ ಮೇಲೂ ಅರೆಗಳಿಗೆ ತಡೆದು ಏಳುತ್ತಿದ್ದೆ. ಕೈ ತಾಗಿತೋ ಇಲ್ಲವೋ, ಖೋ ನನಗೋ ಪಕ್ಕದವಳಿಗೋ ಎಂಬ ಅನುಮಾನ. ಅಷ್ಟರಲ್ಲಿ ಓಡುವವಳು ಎರಡು ಚೌಕ ಆಚೆ ಇರುತ್ತಿದ್ದಳು. ಫೌಲ್ ಒಂದೂ ಆಗಲಿಲ್ಲ, ಔಟೂ ಆಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಯಾರ ಹೆಸರನ್ನೂ ಎತ್ತುವುದು ಬೇಡ. "ಏಳಬೇಡಿ" ಎನ್ನುವುದೂ ಬೇಡ.

ಕನ್ನಡ ಮೇಷ್ಟ್ರು

ಕುಳಿತವರನ್ನೇ ನೋಡಿದೆ. ಐದು ಸೀಟಿ. ಮೂರು ಸಲ ಖೋ ಬೀಳುವ ಮುಂಚೆ ಎದ್ದದ್ದು. ಒಂದು ಸಲ ಬೆನ್ನಟ್ಟುತ್ತಿದ್ದವಳು ಚೌಕವನ್ನು ದಾಟಿ ಹೋದ ಮೇಲೆ ಕೈ ಹಿಂದಕ್ಕೆ ಚಾಚಿ ಖೋ ಕೊಟ್ಟದ್ದು. ಇನ್ನೊಂದು ನನಗೆ ಅರ್ಥವಾಗಲಿಲ್ಲ. ನಮ್ಮ ದೈಹಿಕ ಶಿಕ್ಷಕರು ಅದನ್ನು ಭುಜ ತಿರುಗಿದ್ದಕ್ಕೆ ಕೊಟ್ಟದ್ದು ಎಂದರು.

ಪ್ರತಿ ಸಲವೂ ಆದದ್ದು ಒಂದೇ: ಏಳನೇ ನಂಬರ್ ಇನ್ನೇನು ಕೈಗೆ ಸಿಕ್ಕಳು ಎನ್ನುವಾಗ ಸೀಟಿ, ನಮ್ಮವಳು ವಿರುದ್ಧ ದಿಕ್ಕಿಗೆ ಹೋಗಬೇಕು, ಅವಳು ನಡೆದುಕೊಂಡು ಕಂಬದ ಬಳಿಗೆ ಮರಳುತ್ತಾಳೆ. ಒಂದು ಸಲ ನಮ್ಮವಳು ಅವಳನ್ನು ಮುಟ್ಟಿಯೇ ಬಿಟ್ಟಿದ್ದಳು. ಫೌಲಿನಿಂದ ಬಂದ ಔಟೆಂದು ಅಂಪೈರ್ ಕೊಡಲಿಲ್ಲ. ಅದಾದ ಮೇಲೆ ನಮ್ಮ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತ ಏನೋ ಅಂದುಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ಫೌಲ್ ಕೆಲವೇ ಸೆಕೆಂಡುಗಳಲ್ಲಿ ಆಗಿದೆ.

ನಿವೃತ್ತ ಪಿ.ಟಿ.

ನಿಮ್ಮ ಭಾಷಣ ಸಿಕ್ಕಿತು ಮೇಷ್ಟ್ರೇ. ಆ ಹುಡುಗಿಯ ವೇಗ ಅವಳನ್ನು ಕಾಯಲಿಲ್ಲ, ನಮ್ಮ ಐದು ಸೀಟಿಗಳು ಕಾದವು. ಒಂದು ಸೀಟಿಗೆ ಹತ್ತು ಹನ್ನೆರಡು ಸೆಕೆಂಡು ಹೋಯಿತೆಂದರೂ ಒಂದು ನಿಮಿಷದಷ್ಟು ಹೊತ್ತು ಅಲ್ಲೇ ಹೋಯಿತು. ಒಂಬತ್ತು ನಿಮಿಷಕ್ಕೆ ಎಂಟು ಔಟು ತೆಗೆಯುವ ತಂಡಕ್ಕೆ ಒಂದು ನಿಮಿಷವೆಂದರೆ ಸುಮಾರು ಒಂದು ಅಂಕ. ಸೋಲು ಎರಡು ಅಂಕದ್ದು. ಎರಡನೆಯ ಸರದಿಯ ಸೀಟಿಗಳನ್ನೂ ಎಣಿಸಿ ನೋಡಿ, ಲೆಕ್ಕ ಇನ್ನಷ್ಟು ಹತ್ತಿರ ಬಂದೀತು.

ಇದನ್ನು ನಾಯಕಿ ಹೇಳಿದರೆ ತಂಡಕ್ಕೆ ಎರಡು ಲಾಭ. ಏಳನೇ ನಂಬರಿನ ಭಯ ಇಳಿಯುತ್ತದೆ. ಮಾಡಬೇಕಾದ ಕೆಲಸ ತಮ್ಮ ಕೈಯಲ್ಲೇ ಇದೆ ಎಂದು ಗೊತ್ತಾಗುತ್ತದೆ. "ನಾವು ಅವರಿಗಿಂತ ಬಲಶಾಲಿಗಳು" ಎಂದು ಬರಿದೇ ಹೇಳಿದರೆ ಹದಿನೈದು ವರ್ಷದ ಹುಡುಗಿ ನಂಬುವುದಿಲ್ಲ, ಅವಳೂ ಆ ಪಂದ್ಯ ಆಡಿದ್ದಾಳೆ. ವಿಡಿಯೊದಲ್ಲಿ ತಾನೇ ಎಣಿಸಿದ ಸೀಟಿಗಳನ್ನು ನಂಬುತ್ತಾಳೆ. ಹಾಗಾಗಿ ಶುಕ್ರವಾರವೇ ಆ ತುಣುಕನ್ನು ತಂಡಕ್ಕೆಲ್ಲ ತೋರಿಸಿಬಿಡಿ. ಶನಿವಾರದ ಮಾತಿಗೆ ಬುಡ ಅಲ್ಲಿರುತ್ತದೆ.

ಎಂಟನೇ ಚೌಕದವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. "ಬೇಗ ಏಳಬೇಡಿ" ಎಂದರೆ ಕಾಲು ಕಟ್ಟಿಹೋಗುತ್ತದೆ. ಏನು ಮಾಡಬೇಕು ಎಂಬುದನ್ನೇ ಹೇಳಬೇಕು: ಬೆನ್ನಿಗೆ ಕೈ, ಕಿವಿಗೆ ಖೋ, ಆಗ ಸಿಡಿ. ಕೊಡುವವಳಿಗೂ ಒಂದು ಮಾತು ಬೇಕು. ಕುಳಿತವಳು ಊಹಿಸಿ ಏಳುವುದಕ್ಕೆ ಮುಖ್ಯ ಕಾರಣ ಖೋ ಕೇಳಿಸದಿರುವುದು. ದಮ್ಮು ಕಟ್ಟಿದವಳು ಖೋವನ್ನು ಬಾಯೊಳಗೇ ನುಂಗುತ್ತಾಳೆ. ಮುಟ್ಟುವುದೂ ಕೂಗುವುದೂ ಒಟ್ಟಿಗೆ ಆಗಬೇಕು, ಗಟ್ಟಿಯಾಗಿ ಆಗಬೇಕು. ಆಗ ಹಿಂದಿನವಳನ್ನು ನಂಬಿ ಕುಳಿತಿರಲು ಮುಂದಿನವಳಿಗೆ ಸಾಧ್ಯ.

ಕ್ರೀಡಾಪ್ರಿಯ

ವೇಗದ ಮಾದರಿ ಬೇರೆ ಎಂಬುದು ಸರಿ ಸರ್, ಒಪ್ಪಿದೆ. ಆದರೆ ನಾಯಕಿ ಇಷ್ಟೆಲ್ಲ ಫೌಲಿನ ಲೆಕ್ಕ ಹೇಳಿದರೆ ಹುರುಪು ಎಲ್ಲಿಂದ ಬರುತ್ತದೆ? ಅಂತಿಮ ಪಂದ್ಯವೆಂದರೆ ಮೈ ಜುಮ್ಮೆನ್ನಬೇಕು. ಭುಜ ತಿರುಗಿದ್ದು, ಚೌಕ ದಾಟಿದ್ದು ಎಂದು ಪಾಠ ಮಾಡಿದರೆ ಮಕ್ಕಳು ಆಕಳಿಸುತ್ತಾರೆ.

ನಿವೃತ್ತ ಪಿ.ಟಿ.

ಈ ಆಕ್ಷೇಪ ನ್ಯಾಯವಾದದ್ದು. ಭುಜ, ಚೌಕ ಎರಡನ್ನೂ ಭಾಷಣದಿಂದ ಬಿಡಬೇಕು. ಅವು ಶುಕ್ರವಾರದ ಅಭ್ಯಾಸಕ್ಕೆ ಸೇರಿದವು. ಹಾಗೆಯೇ ಬ್ಯಾಚಿನ ಕೊನೆಯವಳನ್ನು ಔಟ್ ಮಾಡಿದವಳು ಹೊಸ ಬ್ಯಾಚಿನ ಹಿಂದೆ ತಾನೇ ಹೋಗದೆ ಮೊದಲು ಖೋ ಕೊಡಬೇಕೆಂಬ ನಿಯಮವನ್ನು ಮಕ್ಕಳು ಸಂತೋಷದಲ್ಲಿ ಮರೆಯುತ್ತಾರೆ. ಅದನ್ನೂ ಮೈದಾನದಲ್ಲಿ ಆಡಿಸಿಯೇ ಕಲಿಸಬೇಕು. ಭಾಷಣಕ್ಕೆ ಐದು ಸೀಟಿಗಳಲ್ಲಿ ಮೂರಕ್ಕೆ ಕಾರಣವಾದ ಒಂದು ವಿಷಯ ಸಾಕು.

ಹುರುಪಿನ ವಿಚಾರ. ನನ್ನ ಅನುಭವದಲ್ಲಿ ಅಂತಿಮ ಪಂದ್ಯದ ದಿನ ಹುರುಪು ತಾನಾಗಿ ಬಂದಿರುತ್ತದೆ, ಹುಡುಗಿಯರು ಬೆಳಿಗ್ಗೆ ತಿಂಡಿಯನ್ನೂ ಸರಿಯಾಗಿ ತಿಂದಿರುವುದಿಲ್ಲ. ನಾಯಕಿಯ ಕೆಲಸ ಅದಕ್ಕೊಂದು ದಾರಿ ತೋರಿಸುವುದು. ಸ್ವಲ್ಪ ಬಿಸಿ ಬೇಕೆನಿಸಿದರೆ ಕೊನೆಯಲ್ಲಿ ಬರಲಿ. ಹನ್ನೆರಡು ಜನವೂ ಒಟ್ಟಿಗೆ, ಎದೆ ತುಂಬಿ ಒಮ್ಮೆ "ಖೋ" ಎಂದು ಕೂಗಲಿ. ಗಂಟಲೂ ಬಿಡುತ್ತದೆ, ಆ ದಿನ ಖೋ ಎಷ್ಟು ಗಟ್ಟಿಯಾಗಿರಬೇಕೆಂಬುದೂ ಎಲ್ಲರಿಗೂ ಗೊತ್ತಾಗುತ್ತದೆ.

ಮೀಸಲು ಹುಡುಗಿಯ ತಾಯಿ

ನನಗೆ ಆಟದ ಒಳಹೊರಗು ತಿಳಿಯದು. ನನ್ನ ಮಗಳು ಬೇರೊಂದು ಶಾಲೆಯ ತಂಡದಲ್ಲಿ ಮೀಸಲು ಆಟಗಾರ್ತಿ. ಪ್ರತಿ ಪಂದ್ಯಕ್ಕೂ ಸಮವಸ್ತ್ರ ಹಾಕಿಕೊಂಡು ಹೋಗುತ್ತಾಳೆ, ಮನೆಗೆ ಬಂದು ಏನನ್ನೂ ಹೇಳುವುದಿಲ್ಲ. ಒಮ್ಮೆ ಕೇಳಿದ್ದಕ್ಕೆ, "ನಾಯಕಿ ಒಂಬತ್ತು ಜನರನ್ನು ಮಾತ್ರ ಸುತ್ತ ನಿಲ್ಲಿಸಿಕೊಂಡಳಮ್ಮಾ, ನಾವು ಮೂವರು ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದೆವು" ಎಂದಳು. ನಿಮ್ಮ ಭಾಷಣದಲ್ಲಿ ಆ ಮೂವರಿಗೆ ಒಂದು ಮಾತಾದರೂ ಇರಲಿ ಮೇಷ್ಟ್ರೇ.

ನಿವೃತ್ತ ಪಿ.ಟಿ.

ಖಂಡಿತ ಇರಬೇಕು ಅಮ್ಮಾ. ಯಾವಾಗ ಯಾರ ಕಾಲು ಉಳುಕುತ್ತದೋ ಹೇಳಲಾಗದು. ಮಾತು ಕೇಳದೆ ಪಕ್ಕದಲ್ಲಿ ನಿಂತಿದ್ದವಳು ಒಳಗೆ ಹೋದಾಗ ಉಳಿದ ಎಂಟು ಜನಕ್ಕೆ ಗೊತ್ತಿರುವುದು ಅವಳಿಗೆ ಗೊತ್ತಿರುವುದಿಲ್ಲ. ಅದಕ್ಕಾಗಿಯಾದರೂ ಹನ್ನೆರಡು ಜನರೂ ಆ ವೃತ್ತದೊಳಗೆ ನಿಲ್ಲಬೇಕು.

ಕನ್ನಡ ಮೇಷ್ಟ್ರು

ಟಾಸಿನ ವಿಷಯ ಯಾರೂ ಹೇಳಲಿಲ್ಲ. ಗೆದ್ದರೆ ಬೆನ್ನಟ್ಟುವುದೋ ಓಡುವುದೋ? ಮಾತು ಅದಕ್ಕೆ ತಕ್ಕಂತೆ ಬದಲಾಗಬೇಕಲ್ಲವೇ?

ಎಂಟನೇ ಚೌಕ

ನಾವು ಯಾವಾಗಲೂ ಮೊದಲು ಓಡುವುದನ್ನು ಆರಿಸುತ್ತಿದ್ದೆವು. ಓಡಿ ಮೈ ಬಿಟ್ಟ ಮೇಲೆ ಬೆನ್ನಟ್ಟುವುದು ಸುಲಭವಾಗುತ್ತದೆ. ಕೊನೆಯ ಸರದಿಯಲ್ಲಿ ಎಷ್ಟು ಅಂಕ ಬೇಕೆಂಬುದೂ ಖಚಿತವಾಗಿ ಗೊತ್ತಿರುತ್ತದೆ.

ನಿವೃತ್ತ ಪಿ.ಟಿ.

ನಾನು ಇದಕ್ಕೆ ವಿರುದ್ಧ. ಶಾಲಾ ತಂಡಗಳು ತಾಜಾ ಕಾಲಿನಲ್ಲಿ ಬೆನ್ನಟ್ಟಬೇಕು. ಕೊನೆಯ ಸರದಿಯಲ್ಲಿ "ಇನ್ನು ಒಂದೇ ನಿಮಿಷ, ಮೂರು ಅಂಕ ಬೇಕು" ಎಂಬುದು ತಲೆಗೆ ಹೋದರೆ ಕುಳಿತವರು ಮತ್ತೆ ಮುಂಚೆ ಏಳಲು ಶುರು ಮಾಡುತ್ತಾರೆ. ಈ ತಂಡದ ರೋಗವೇ ಅದು. ಆದರೆ ನಿಮ್ಮ ದೈಹಿಕ ಶಿಕ್ಷಕರು ಹುಡುಗಿಯರನ್ನು ದಿನವೂ ನೋಡುವವರು, ತೀರ್ಮಾನ ಅವರದು. ಟಾಸ್ ಸೋತರಂತೂ ಆಯ್ಕೆಯೇ ಇರುವುದಿಲ್ಲ. ಹಾಗಾಗಿ ಭಾಷಣಕ್ಕೆ ಎರಡು ಕೊನೆ ಬರೆಯಿರಿ, ನಾಯಕಿ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡಿರಲಿ.

ಓಡುವ ಕೊನೆಗೆ ನನ್ನದೊಂದು ಸಲಹೆ. ಮೂವರಲ್ಲಿ ಒಬ್ಬಳು ಔಟಾದ ಕ್ಷಣ ಉಳಿದಿಬ್ಬರು ಅವಳತ್ತ ನೋಡುತ್ತಾರೆ, ಅಯ್ಯೋ ಎನ್ನುತ್ತಾರೆ. ಆದರೆ ಆಟ ನಿಂತಿರುವುದಿಲ್ಲ. ಔಟ್ ಮಾಡಿದವಳು ಅಲ್ಲೇ ಖೋ ಕೊಟ್ಟಿರುತ್ತಾಳೆ, ಎದ್ದವಳು ಎರಡನೆಯವಳ ಬೆನ್ನಿಗೆ ಬಂದಿರುತ್ತಾಳೆ. ಒಂದರ ಹಿಂದೆ ಒಂದು ಔಟ್ ಬೀಳುವುದು ಹೀಗೆಯೇ. ನಿಮ್ಮ ವಿಡಿಯೊದಲ್ಲೂ ಇದ್ದರೂ ಇರಬಹುದು.

ಕನ್ನಡ ಮೇಷ್ಟ್ರು

ಇತ್ತು ಸರ್. ಅವರ ಎರಡನೆಯ ಸರದಿಯಲ್ಲಿ ನಮ್ಮ ಇಬ್ಬರು ಐದು ಸೆಕೆಂಡಿನ ಅಂತರದಲ್ಲಿ ಔಟಾಗಿದ್ದಾರೆ. ಎರಡನೆಯವಳು ಹೊರಗೆ ಹೋಗುತ್ತಿದ್ದವಳತ್ತ ತಿರುಗಿ ನಿಂತಿದ್ದಳು.

ಇವತ್ತು ನಾಯಕಿಯೊಂದಿಗೆ ಕುಳಿತು ಹೊಸದಾಗಿ ಬರೆದೆವು. ಅವಳು ಇದನ್ನು ಓದುವುದಿಲ್ಲ, ತನ್ನ ಮಾತಿನಲ್ಲೇ ಹೇಳುತ್ತಾಳೆ. ಬರಹದಲ್ಲಿ ಹೀಗಿದೆ:

"ಹನ್ನೆರಡು ಜನವೂ ಹತ್ತಿರ ಬನ್ನಿ. ಬಾಟಲಿ ಕೆಳಗಿಡಿ.

ಹೋದ ಸಲ ನಾವು ಎರಡು ಅಂಕದಿಂದ ಸೋತೆವು. ನಿನ್ನೆ ಎಲ್ಲರೂ ವಿಡಿಯೊ ನೋಡಿದ್ದೇವೆ. ಏಳನೇ ನಂಬರಿನವಳು ನಮ್ಮ ಕೈಗೆ ಸಿಕ್ಕಿದ್ದಳು. ಐದು ಸೀಟಿ ಅವಳನ್ನು ಬಿಡಿಸಿದವು. ಆ ಸೀಟಿಗಳು ನಮ್ಮವು, ನಾವೇ ನಿಲ್ಲಿಸಬಹುದು.

ಕುಳಿತಾಗ ಒಂದೇ ಕೆಲಸ. ಬೆನ್ನಿಗೆ ಕೈ, ಕಿವಿಗೆ ಖೋ, ಆಗ ಸಿಡಿಯೋಣ. ಖೋ ಕೊಡುವಾಗ ಮೈದಾನದ ಆಚೆಗೆ ಕೇಳುವಷ್ಟು ಗಟ್ಟಿಯಾಗಿ ಕೊಡೋಣ.

ಸೀಟಿ ಬಿದ್ದರೂ ಬೀಳಲಿ. ಯಾರ ತಪ್ಪು ಎಂದು ಯಾರೂ ತಿರುಗಿ ನೋಡುವುದು ಬೇಡ. ಬೆನ್ನಟ್ಟುವವಳು ತಿರುಗಲಿ, ಕುಳಿತವರು ಮುಂದಿನ ಖೋಗೆ ಕಿವಿ ಕೊಡಲಿ.

ಹೊರಗಿರುವ ಮೂವರೇ, ಇದೆಲ್ಲ ನಿಮಗೂ ಹೇಳಿದ್ದು. ಕರೆದ ಕ್ಷಣ ಬರುವಂತೆ ಕಾಲು ಬಿಸಿ ಇಟ್ಟುಕೊಳ್ಳಿ."

ಮೊದಲು ಬೆನ್ನಟ್ಟುವುದಾದರೆ ಕೊನೆ: "ಏಳನೇ ನಂಬರ್ ಕಂಬದ ಬಳಿ ಸುತ್ತಲು ಶುರು ಮಾಡಿದರೆ ಒಬ್ಬಳೇ ಅವಳ ಹಿಂದೆ ಬೀಳುವುದು ಬೇಡ. ಸಣ್ಣ ಸಣ್ಣ ಖೋ ಕೊಟ್ಟು ಅವಳನ್ನು ಕಂಬದಿಂದ ನಡುವಿಗೆ ತರೋಣ. ಈಗ ಎಲ್ಲರೂ ಒಂದು ಸಲ, ಖೋ!"

ಮೊದಲು ಓಡುವುದಾದರೆ: "ಮೊದಲ ಬ್ಯಾಚಿನವರೇ, ನಿಮ್ಮ ಹಿಂದೆ ಯಾರೂ ಇಲ್ಲದಾಗ ನಿಂತು ಉಸಿರು ತೆಗೆದುಕೊಳ್ಳಿ. ಒಬ್ಬಳು ಔಟಾದರೆ ಅವಳನ್ನು ನೋಡಬೇಡಿ, ಯಾರು ಎದ್ದರೆಂದು ನೋಡಿ. ಈಗ ಎಲ್ಲರೂ ಒಂದು ಸಲ, ಖೋ!"

ಅವಳ ಕೈಯಲ್ಲಿ ಹೇಳಿಸಿ ನೋಡಿದೆ, ಒಂದು ನಿಮಿಷ ಹತ್ತು ಸೆಕೆಂಡು ಹಿಡಿಯಿತು.

ನಿವೃತ್ತ ಪಿ.ಟಿ.

ಇದು ಖೋಖೋದ ಮಾತು, ಬೇರೆ ಯಾವ ಆಟಕ್ಕೂ ಹೊಂದುವುದಿಲ್ಲ. ಒಂದೇ ತಿದ್ದುಪಡಿ: "ಅವಳನ್ನು ನೋಡಬೇಡಿ" ಎಂಬುದನ್ನೂ ತೆಗೆಯಿರಿ. "ಒಬ್ಬಳು ಔಟಾದ ಕೂಡಲೇ ಯಾರು ಎದ್ದರೆಂದು ನೋಡಿ" ಎಂದರೆ ಅದೇ ಕೆಲಸ ಆಗುತ್ತದೆ.

ಸರದಿಗಳ ನಡುವಿನ ಬಿಡುವಿಗೂ ಒಂದು ಮಾತು ತಯಾರಿರಲಿ. ಅಲ್ಲಿ ಇಷ್ಟೂ ಹೊತ್ತು ಸಿಗುವುದಿಲ್ಲ. ದೈಹಿಕ ಶಿಕ್ಷಕರು ಆ ಸರದಿಯಲ್ಲಿ ಎಷ್ಟು ಸೀಟಿ ಬಿದ್ದವೆಂದು ಎಣಿಸಿ ನಾಯಕಿಗೆ ಹೇಳಲಿ, ಅವಳು ಆ ಸಂಖ್ಯೆಯನ್ನಷ್ಟೇ ತಂಡಕ್ಕೆ ಹೇಳಲಿ. "ಎರಡೇ ಸೀಟಿ" ಎಂದರೆ ಅದಕ್ಕಿಂತ ದೊಡ್ಡ ಹುರಿದುಂಬಿಕೆ ಬೇಕಿಲ್ಲ. ಐದಾಗಿದ್ದರೆ ಸಂಖ್ಯೆ ಹೇಳುವುದು ಬೇಡ, "ಬೆನ್ನಿಗೆ ಕೈ, ಕಿವಿಗೆ ಖೋ" ಎಂದಷ್ಟೇ ನೆನಪಿಸಲಿ.

ಎಂಟನೇ ಚೌಕ

ನನಗೆ ಒಂದು ವಿಷಯದಲ್ಲಿ ಈಗಲೂ ಸಮಾಧಾನವಿಲ್ಲ. ಏಳನೇ ನಂಬರಿನ ಹೆಸರು ಎರಡು ಸಲ ಬರುತ್ತದೆ. ಅವಳನ್ನು ಅಷ್ಟು ನೆನಪಿಸಿದರೆ ಅವಳು ಒಳಗೆ ಬಂದ ಕೂಡಲೇ ಎಂಟೂ ಜನರ ಎದೆ ಹೊಡೆದುಕೊಳ್ಳುತ್ತದೆ. ಶನಿವಾರ ಅವರು ಕ್ರಮ ಬದಲಿಸಿ ಅವಳನ್ನು ಮೂರನೇ ಬ್ಯಾಚಿಗೆ ಹಾಕಿದರೆ? ನಮ್ಮ ಹುಡುಗಿಯರು ಇಡೀ ಸರದಿ ಅವಳಿಗಾಗಿ ಕಾಯುತ್ತ ಕುಳಿತಿರುತ್ತಾರೆ.

ನಿವೃತ್ತ ಪಿ.ಟಿ.

ಹೆಸರೆತ್ತದಿದ್ದರೂ ಅವಳು ಅವರ ತಲೆಯಲ್ಲಿ ಇದ್ದೇ ಇದ್ದಾಳೆ. ನಾಯಕಿಯ ಬಾಯಿಂದ ಬಂದರೆ ಭಯ ಕಡಿಮೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಕ್ರಮ ಬದಲಾಗುವ ಸಾಧ್ಯತೆ ನಿಜವಾದದ್ದು, ನಾನು ಅದನ್ನು ಯೋಚಿಸಿರಲಿಲ್ಲ. ಕೊನೆಯ ಭಾಗದಲ್ಲಿ "ಕಂಬದ ಬಳಿ ಯಾರೇ ಸುತ್ತಲು ಶುರು ಮಾಡಿದರೂ" ಎಂದು ಬದಲಿಸಬಹುದು.

ಕನ್ನಡ ಮೇಷ್ಟ್ರು

ಇಬ್ಬರ ಮಾತನ್ನೂ ನಾಯಕಿಗೆ ತೋರಿಸಿದೆ. "ಯಾರೇ" ಎಂದು ಕೊನೆಯ ಭಾಗವನ್ನು ತಿದ್ದಿಕೊಂಡಳು. ಮೊದಲ ಭಾಗದ ಏಳನೇ ನಂಬರನ್ನು ಹಾಗೇ ಉಳಿಸಿದ್ದಾಳೆ, "ಅವಳು ಕೈಗೆ ಸಿಕ್ಕಿದ್ದಳು ಎಂದು ನಾನೇ ಹೇಳಬೇಕು ಸರ್, ಅವಳನ್ನು ಮುಟ್ಟಿದ್ದು ನಾನೇ" ಎಂದಳು. ನಾಳೆ ಸಂಜೆ ಅಭ್ಯಾಸದ ಕೊನೆಗೆ ತಂಡ ವಿಡಿಯೊ ನೋಡುತ್ತದೆ. ಸೀಟಿ ಎಣಿಸಲು ದೈಹಿಕ ಶಿಕ್ಷಕರು ಒಪ್ಪಿದ್ದಾರೆ. ಟಾಸ್ ಗೆದ್ದರೆ ಬೆನ್ನಟ್ಟುವುದೆಂದು ಅವರ ತೀರ್ಮಾನ.

ಎಂಟನೇ ಚೌಕ

ಮುಟ್ಟಿದವಳು ಅವಳೇ ಆದರೆ ಆ ಸಾಲು ಇರಲಿ. ಟಾಸಿನ ವಿಷಯದಲ್ಲಿ ಮಾತ್ರ ನಾನು ಮೊದಲು ಓಡುವ ಪಕ್ಷದವಳೇ.